ಗಾಯಿಕಾ, ಗಾಯಕಿ, ವಿಕ್ಸನ್, ಪ್ರೈಡ್: ಲಿಂಗ ಮತ್ತು ಸಮೂಹನಾಮದ ಪ್ರಶ್ನೆಗಳಲ್ಲಿ ಅಂಕ ಹೋಗುವುದು ಎಲ್ಲಿ

ಪ್ರಶ್ನೆ: ನಾನು ಬದಿಯಡ್ಕ ಕಡೆಯವಳು, ಹತ್ತನೆಯವರೆಗೂ ಕನ್ನಡ ಮಾಧ್ಯಮ. ಈಗ ಕೇರಳ ಪಿಎಸ್‌ಸಿ ಪರೀಕ್ಷೆಗೆ ಓದುತ್ತಿದ್ದೇನೆ. ಪುಲ್ಲಿಂಗ–ಸ್ತ್ರೀಲಿಂಗದ ಪಟ್ಟಿ, ‘ಪ್ರೈಡ್ ಆಫ್ ಲಯನ್ಸ್’ ತರಹದ ಸಮೂಹನಾಮಗಳ ಪಟ್ಟಿ ಎರಡೂ ಬಾಯಿಪಾಠ ಆಗಿದೆ. ಆದರೂ ಅಭ್ಯಾಸ ಪ್ರಶ್ನೆಪತ್ರಿಕೆಯಲ್ಲಿ ಕನ್ನಡ ಭಾಗದಲ್ಲೂ ಇಂಗ್ಲಿಷ್ ಭಾಗದಲ್ಲೂ ಅಲ್ಲೇ ತಪ್ಪುತ್ತದೆ. ಎಲ್ಲಿ ಎಡವುತ್ತಿದ್ದೇನೆ?

ಉತ್ತರ:

ಪಟ್ಟಿ ಬಾಯಿಪಾಠ ಇದ್ದವರು ತಪ್ಪುವುದು ಹೆಚ್ಚಾಗಿ ಗೊತ್ತಿಲ್ಲದ ಪದದಲ್ಲಲ್ಲ, ಸರಿ ಉತ್ತರದ ಪಕ್ಕದಲ್ಲೇ ಕೂತಿರುವ ‘ಹತ್ತಿರದ’ ಪದದಲ್ಲಿ. ಪಟ್ಟಿ ಒಂದು ಜೋಡಿಯನ್ನು ಹೇಳಿಕೊಡುತ್ತದೆ, ಆದರೆ ಆ ಜೋಡಿಗೆ ಪಕ್ಕದ ಪದ ಯಾಕೆ ಸಲ್ಲುವುದಿಲ್ಲ ಎಂಬುದನ್ನು ಹೇಳುವುದಿಲ್ಲ. ನಮ್ಮ ಕಾಸರಗೋಡಿನಲ್ಲಿ ಇದಕ್ಕೆ ಇನ್ನೊಂದು ತೊಡಕು ಸೇರಿಕೊಳ್ಳುತ್ತದೆ. ಕನ್ನಡ ಭಾಗಕ್ಕೆ ಓದುವವರ ಕೈಯಲ್ಲಿ ಇರುವ ಮಾರ್ಗದರ್ಶಿ ಪುಸ್ತಕ ಹೆಚ್ಚಾಗಿ ಮಲಯಾಳದ್ದು, ಮನೆಮಾತು ತುಳುವೋ ಹವ್ಯಕವೋ ಕರಾಡವೋ ಮರಾಠಿಯೋ. ಹಾಗಾಗಿ ಮೊದಲು ಕನ್ನಡದ ಭಾಗ ನೋಡೋಣ.

ಮಲಯಾಳದಲ್ಲಿ ಗಾಯಕನ್ ಪದಕ್ಕೆ ಗಾಯಿಕ, ನಾಯಕನ್‌ಗೆ ನಾಯಿಕ, ಅಧ್ಯಾಪಕನ್‌ಗೆ ಅಧ್ಯಾಪಿಕ. ಇದು ಸಂಸ್ಕೃತದ ನೇರ ದಾರಿ: ‘ಅಕ’ದಲ್ಲಿ ಮುಗಿಯುವ ಪದ ಹೆಣ್ಣಿಗೆ ಹೋದಾಗ ‘ಇಕಾ’ ಆಗುತ್ತದೆ. ಕನ್ನಡ ಅದೇ ಪದಗಳನ್ನು ಒಳಗೆ ತಂದುಕೊಂಡು ತನ್ನದೇ ‘ಇ’ ಪ್ರತ್ಯಯ ಹಚ್ಚಿತು. ಹುಡುಗ–ಹುಡುಗಿ, ಮುದುಕ–ಮುದುಕಿ ಇರುವಂತೆಯೇ ಗಾಯಕ–ಗಾಯಕಿ, ಲೇಖಕ–ಲೇಖಕಿ, ಶಿಕ್ಷಕ–ಶಿಕ್ಷಕಿ, ಸಂಪಾದಕ–ಸಂಪಾದಕಿ. ಆಯ್ಕೆಗಳಲ್ಲಿ ‘ಗಾಯಿಕಾ’ ಮತ್ತು ‘ಗಾಯಕಿ’ ಎರಡೂ ಇದ್ದರೆ ಕನ್ನಡ ಪತ್ರಿಕೆಗೆ ಗಾಯಕಿಯೇ ಉತ್ತರ. ಆದರೆ ಕೆಲವು ಪದಗಳು ಸಂಸ್ಕೃತದ ‘ಇಕಾ’ವನ್ನು ‘ಇಕೆ’ ಮಾಡಿ ಉಳಿಸಿಕೊಂಡಿವೆ. ಪರಿಚಾರಕನಿಗೆ ಪರಿಚಾರಿಕೆ ಎಂದೇ ರೂಢಿ. ಬಾಲಕನಿಗೆ ಬಾಲಕಿ, ಬಾಲಿಕೆ ಎರಡೂ ಉಂಟು. ಕಾವ್ಯದ ಮಾತು ಬಂದಾಗ ನಾಯಿಕೆ ಎಂಬ ರೂಪವೂ ಕಾಣಿಸುತ್ತದೆ, ದಿನದ ಬಳಕೆಯಲ್ಲಿ ನಾಯಕಿ. ಒಂದೇ ಪ್ರಶ್ನೆಯಲ್ಲಿ ‘ಕಿ’ ರೂಪವೂ ‘ಇಕೆ’ ರೂಪವೂ ಇದ್ದರೆ ಆ ಪದಕ್ಕೆ ಪತ್ರಿಕೆಗಳಲ್ಲಿ ಯಾವುದು ಓಡಾಡುತ್ತದೆ ಎಂದು ನೋಡಿ. ‘ಪರಿಚಾರಕಿ’ ಎಂದು ಯಾರೂ ಬರೆಯುವುದಿಲ್ಲ, ‘ಸಂಪಾದಿಕೆ’ ಎಂದೂ ಬರೆಯುವುದಿಲ್ಲ.

ಎರಡನೆಯ ಗುಂಪು ಕಾಗುಣಿತದ ಬಲೆ. ಕವಿಯ ಸ್ತ್ರೀಲಿಂಗ ಕವಯಿತ್ರಿ. ಇದನ್ನು ‘ಕವಿಯಿತ್ರಿ’, ‘ಕವಿಯತ್ರಿ’, ‘ಕವಯತ್ರಿ’ ಎಂದು ಆಯ್ಕೆಗಳಲ್ಲಿ ಹರಡಿ ಕೊಡುತ್ತಾರೆ. ಕವಿಗೆ ‘ಇತ್ರಿ’ ಅಂಟಿಸಿದ್ದು ಎಂದುಕೊಂಡವರು ಮೊದಲನೆಯದಕ್ಕೆ ಬೀಳುತ್ತಾರೆ. ಪದ ಹುಟ್ಟಿದ್ದು ಕವಿಯಿಂದಲ್ಲ, ‘ಕವಯಿತೃ’ವಿನಿಂದ. ಸಂಸ್ಕೃತದಲ್ಲಿ ‘ತೃ’ ಕೊನೆಯಾದದ್ದು ಹೆಣ್ಣಿಗೆ ‘ತ್ರೀ’ ಆಗುತ್ತದೆ, ಕನ್ನಡಕ್ಕೆ ಬಂದಾಗ ‘ತ್ರಿ’. ದಾತೃ–ದಾತ್ರಿ, ಅಭಿನೇತೃ–ಅಭಿನೇತ್ರಿ ಇದೇ ಸಾಲು. ‘ಕವಯಿ’ ಎಂಬ ಮೂರು ಅಕ್ಷರಗಳನ್ನು ನೆನಪಿಟ್ಟರೆ ಉಳಿದ ಮೂರೂ ಆಯ್ಕೆಗಳು ತಾವಾಗಿ ಬೀಳುತ್ತವೆ.

‘ವಾನ್’, ‘ಮಾನ್’ಗಳದ್ದೂ ಇಂಥದೇ ಕಥೆ. ಗುಣವಾನ್–ಗುಣವತಿ, ಶ್ರೀಮಾನ್–ಶ್ರೀಮತಿ, ಬುದ್ಧಿಮಾನ್–ಬುದ್ಧಿಮತಿ. ಅದೇ ರಭಸದಲ್ಲಿ ವಿದ್ವಾನ್‌ಗೆ ‘ವಿದ್ವತಿ’ ಎಂದು ಗುರುತು ಹಾಕಬೇಡಿ. ಅಲ್ಲಿನ ‘ವಾನ್’ ಈ ಪ್ರತ್ಯಯವೇ ಅಲ್ಲ, ಮೂಲ ಪದ ‘ವಿದ್ವಸ್’. ಅದಕ್ಕೆ ಹೆಣ್ಣುರೂಪ ವಿದುಷಿ. ಪ್ರಶ್ನೆಯಲ್ಲಿ ಗುಣವಾನ್ ಬದಲು ‘ಗುಣವಂತ’ ಎಂದಿದ್ದರೆ ಉತ್ತರ ಗುಣವಂತೆ. ಕೊಟ್ಟ ಪದ ಸಂಸ್ಕೃತದ ವೇಷದಲ್ಲಿದೆಯೋ ಕನ್ನಡದ ವೇಷದಲ್ಲಿದೆಯೋ ಎಂದು ನೋಡಿ, ಅದೇ ವೇಷದ ಜೋಡಿಯನ್ನು ಕೊಡಬೇಕು. ಅಚ್ಚಗನ್ನಡದ ಕಸುಬಿನ ಪದಗಳಲ್ಲಿ ‘ಇಗ’ ಇದ್ದರೆ ‘ಗಿತ್ತಿ’ ಬರುತ್ತದೆ: ಹೂವಾಡಿಗ–ಹೂವಾಡಗಿತ್ತಿ, ಒಕ್ಕಲಿಗ–ಒಕ್ಕಲಗಿತ್ತಿ. ಗೆಳೆಯ–ಗೆಳತಿ, ಒಡೆಯ–ಒಡತಿಗಳಲ್ಲಿ ‘ತಿ’. ಇವನ್ನು ಜೋರಾಗಿ ಓದಿದರೆ ಕಿವಿಯೇ ಹೇಳಿಬಿಡುತ್ತದೆ, ಹೆಚ್ಚು ಹೊತ್ತು ಕೊಡುವ ಅಗತ್ಯವಿಲ್ಲ.

ಹೊತ್ತು ಕೊಡಬೇಕಾದದ್ದು ಪ್ರಾಣಿಗಳಿಗೆ. ಕನ್ನಡದಲ್ಲಿ ಲಿಂಗ ನಿಂತಿರುವುದು ಅರ್ಥದ ಮೇಲೆ. ಮನುಷ್ಯರು, ದೇವತೆಗಳು ಬಿಟ್ಟರೆ ಉಳಿದದ್ದೆಲ್ಲ ನಪುಂಸಕಲಿಂಗ. ಎಮ್ಮೆ ‘ಬಂದಳು’ ಎನ್ನುವುದಿಲ್ಲ, ‘ಬಂದಿತು’. ನದಿ, ಲತೆ ಸಂಸ್ಕೃತದಲ್ಲಿ ಸ್ತ್ರೀಲಿಂಗ, ಕನ್ನಡದಲ್ಲಿ ಅಲ್ಲ. ಹಾಗಾಗಿ ಪ್ರಶ್ನೆಯ ಮಾತನ್ನು ಎರಡು ಸಲ ಓದಬೇಕು. ‘ಕೋಣ ಪದದ ಸ್ತ್ರೀಲಿಂಗ ರೂಪ ಯಾವುದು?’ ಎಂದು ಕೇಳಿದರೆ ಪ್ರಶ್ನೆ ತಯಾರಿಸಿದವರ ಮನಸ್ಸಿನಲ್ಲಿರುವುದು ಗಂಡು–ಹೆಣ್ಣು ಜೋಡಿ, ಉತ್ತರ ಎಮ್ಮೆ. ಹುಂಜ–ಹೇಂಟೆ, ಹೋತ–ಆಡು, ಟಗರು–ಕುರಿ ಎಲ್ಲ ಹಾಗೆಯೇ. ಆದರೆ ‘ಇವುಗಳಲ್ಲಿ ಸ್ತ್ರೀಲಿಂಗ ಪದ ಯಾವುದು?’ ಎಂದು ಕೇಳಿ ಎಮ್ಮೆ, ನದಿ, ಗೆಳತಿ, ಬಳ್ಳಿ ಎಂದು ಕೊಟ್ಟರೆ ಅದು ವ್ಯಾಕರಣದ ಪ್ರಶ್ನೆ. ಉತ್ತರ ಗೆಳತಿ ಮಾತ್ರ. ಅದೇ ಎಮ್ಮೆ ಒಂದು ಕಡೆ ಸರಿ, ಇನ್ನೊಂದು ಕಡೆ ತಪ್ಪು. ಮನೆಯಲ್ಲಿ ಹವ್ಯಕ ಮಾತಾಡುವವರಿಗೆ ಒಂದು ಎಚ್ಚರಿಕೆ: ನಮ್ಮ ಕಡೆಯ ಹವ್ಯಕದಲ್ಲಿ ‘ಅಬ್ಬೆ ಹೇಳಿತ್ತು’, ‘ಅಕ್ಕ ಬಂತು’ ಎಂದು ಹೆಂಗಸರಿಗೂ ನಪುಂಸಕದ ಕ್ರಿಯಾಪದ ಬಳಸುತ್ತೇವೆ. ವಾಕ್ಯಶುದ್ಧಿಯ ಪ್ರಶ್ನೆಯಲ್ಲಿ ಅದು ಕಿವಿಗೆ ಸರಿಯಾಗಿ ಕೇಳಿಸಿ ಅಂಕ ತಿನ್ನುತ್ತದೆ. ಅಲ್ಲಿ ‘ಬಂದಳು’ ಅಥವಾ ‘ಬಂದರು’ ಬೇಕು.

ಇನ್ನು ಇಂಗ್ಲಿಷ್. ಪಿಎಸ್‌ಸಿಯ ಇಂಗ್ಲಿಷ್ ಪಠ್ಯಕ್ರಮದಲ್ಲಿ ವಚನ, ಲಿಂಗ ಬದಲಾವಣೆ, ಸಮೂಹನಾಮ ಮೂರೂ ಪದಸಂಪತ್ತಿನ ಕೆಳಗೆ ಒಟ್ಟಿಗೇ ಬರುತ್ತವೆ. ಲಿಂಗದಲ್ಲಿ ಅರ್ಧ ಪ್ರಶ್ನೆ ಕಾಗುಣಿತದ್ದು ಎಂದರೂ ತಪ್ಪಲ್ಲ. ‘ಎಸ್’ ಪ್ರತ್ಯಯ ಹತ್ತುವಾಗ ಆ್ಯಕ್ಟರ್, ಟೈಗರ್, ವೇಟರ್, ಹಂಟರ್‌ಗಳಲ್ಲಿ ಕೊನೆಯ ಆರ್ ಅಕ್ಷರದ ಹಿಂದಿನ ಸ್ವರ ಬಿದ್ದುಹೋಗುತ್ತದೆ: ಆ್ಯಕ್ಟ್ರೆಸ್, ಟೈಗ್ರೆಸ್, ವೇಟ್ರೆಸ್, ಹಂಟ್ರೆಸ್. ಆಥರ್, ಮೇಯರ್, ಮ್ಯಾನೇಜರ್‌ಗಳಲ್ಲಿ ಸ್ವರ ಬೀಳುವುದಿಲ್ಲ: ಆಥರೆಸ್, ಮೇಯರೆಸ್, ಮ್ಯಾನೇಜರೆಸ್. ‘ಆಥ್ರೆಸ್’ ಎಂದು ಕಾಣುವ ಕಾಗುಣಿತ ಬರೀ ಬಲೆ. ಮರ್ಡರರ್, ಸಾರ್ಸರರ್‌ಗಳಲ್ಲಿ ಎರಡು ಸಲ ಬರುವ ‘ಅರ್’ನಲ್ಲಿ ಒಂದು ಪೂರ್ತಿ ಬಿದ್ದು ಮರ್ಡರೆಸ್, ಸಾರ್ಸರೆಸ್ ಆಗುತ್ತದೆ. ಎಂಪರರ್‌ಗೆ ಎಂಪ್ರೆಸ್, ಡ್ಯೂಕ್‌ಗೆ ಡಚೆಸ್, ಮಾರ್ಕ್ವಿಸ್‌ಗೆ ಮಾರ್ಷನೆಸ್: ಈ ಮೂರು ಯಾವ ಸಾಲಿಗೂ ಸೇರದವು, ಕೈಯಲ್ಲಿ ಬರೆದೇ ಕಲಿಯಬೇಕು. ಕಾನೂನಿನ ಎರಡು ಪದ, ಎಕ್ಸಿಕ್ಯೂಟರ್ ಮತ್ತು ಟೆಸ್ಟೇಟರ್, ‘ಟ್ರಿಕ್ಸ್’ ತೆಗೆದುಕೊಳ್ಳುತ್ತವೆ: ಎಕ್ಸಿಕ್ಯೂಟ್ರಿಕ್ಸ್, ಟೆಸ್ಟೇಟ್ರಿಕ್ಸ್. ‘ಎಕ್ಸಿಕ್ಯೂಟ್ರೆಸ್’ ಎಂಬ ಆಯ್ಕೆ ಪಕ್ಕದಲ್ಲೇ ಇರುತ್ತದೆ.

ಅರ್ಧ ಬದಲಾಗುವ ಪದಗಳಿಗಿಂತ ಪೂರ್ತಿ ಬೇರೆಯಾಗುವ ಪದಗಳಲ್ಲಿ ಹೆಚ್ಚು ಅಂಕ ಹೋಗುವುದಕ್ಕೆ ಒಂದು ಕಾರಣವಿದೆ. ಅಲ್ಲಿ ಗಂಡು–ಹೆಣ್ಣು ಮಾತ್ರವಲ್ಲ, ವಯಸ್ಸೂ ಸೇರಿಕೊಂಡಿರುತ್ತದೆ. ಕುದುರೆಯನ್ನೇ ತೆಗೆದುಕೊಳ್ಳಿ. ಬೆಳೆದ ಗಂಡು ಸ್ಟ್ಯಾಲಿಯನ್, ಬೆಳೆದ ಹೆಣ್ಣು ಮೇರ್. ಎಳೆಯ ಗಂಡು ಕೋಲ್ಟ್, ಎಳೆಯ ಹೆಣ್ಣು ಫಿಲ್ಲಿ. ಫೋಲ್ ಎಂದರೆ ಮರಿ, ಗಂಡೂ ಆಗಬಹುದು ಹೆಣ್ಣೂ ಆಗಬಹುದು. ‘ಕೋಲ್ಟ್’ ಕೇಳಿ ಮೇರ್, ಫಿಲ್ಲಿ, ಫೋಲ್, ಹೈಫರ್ ಎಂದು ನಾಲ್ಕು ಕೊಟ್ಟಾಗ ‘ಕುದುರೆಗೆ ಮೇರ್’ ಎಂದಷ್ಟೇ ಕಲಿತವರು ಮೇರ್‌ಗೆ ಗುರುತು ಹಾಕುತ್ತಾರೆ. ವಯಸ್ಸು ನೋಡಿದವರು ಫಿಲ್ಲಿ ಎನ್ನುತ್ತಾರೆ. ದನದಲ್ಲೂ ಹೀಗೆ: ಬುಲ್–ಕೌ. ಹೈಫರ್ ಎಂದರೆ ಇನ್ನೂ ಕರು ಹಾಕದ ಕಡಸು, ಹಳೆಯ ಪಟ್ಟಿಗಳು ಅದನ್ನು ಬುಲಕ್‌ಗೆ ಜೋಡಿ ಮಾಡುತ್ತವೆ. ಬುಲಕ್ ಬೀಜ ಒಡೆದ ಎತ್ತು, ಆದ್ದರಿಂದ ಇದು ನಿಜವಾದ ಜೋಡಿಯಲ್ಲ. ಆದರೆ ಪರೀಕ್ಷೆಯಲ್ಲಿ ಬುಲಕ್ ಕೇಳಿದರೆ ಹೈಫರ್ ಎಂದೇ ಬರೆಯಬೇಕು. ಜಿಂಕೆಯಲ್ಲಿ ಬಕ್‌ಗೆ ಡೋ, ಹಾರ್ಟ್‌ಗೆ ಹೈಂಡ್. ಬಕ್–ಡೋ ಮೊಲಕ್ಕೂ ಹೇಳುತ್ತಾರೆ. ಸ್ಟ್ಯಾಗ್ ಕೇಳಿದಾಗ ಹೈಂಡ್ ಆಯ್ಕೆಯಲ್ಲಿದ್ದರೆ ಅದು, ಹೈಂಡ್ ಇಲ್ಲದೆ ಡೋ ಮಾತ್ರ ಇದ್ದರೆ ಡೋ.

ನರಿಯ ಹೆಣ್ಣು ವಿಕ್ಸನ್ ಎಂಬುದು ಎಲ್ಲರಿಗೂ ಗೊತ್ತು. ಫಾಕ್ಸ್‌ನ ಎಫ್ ಅಕ್ಷರ ಇಲ್ಲಿ ವಿ ಆಗಿರುವುದು ದಕ್ಷಿಣ ಇಂಗ್ಲೆಂಡಿನ ಆಡುಮಾತಿನಿಂದ. ಗಂಡು ಟಗರು ರ‍್ಯಾಮ್, ಹೆಣ್ಣು ಕುರಿ ಯೂ. ಈ ಕೊನೆಯ ಪದ ಕಿವಿಗೆ ‘ಯೂ’ ಎಂದು ಕೇಳಿದರೂ ಬರೆಯುವುದು ಇ, ಡಬ್ಲ್ಯು, ಇ ಎಂಬ ಮೂರು ಅಕ್ಷರಗಳಲ್ಲಿ. ಬಾಯಲ್ಲಿ ಮಾತ್ರ ಕಲಿತವರು ಇದನ್ನು ಆಯ್ಕೆಗಳಲ್ಲಿ ಗುರುತಿಸದೆ ದಾಟಿಹೋಗುತ್ತಾರೆ. ಡ್ರೋನ್‌ಗೆ ‘ಬೀ’ ಎಂದು ಹಳೆಯ ವ್ಯಾಕರಣ ಪುಸ್ತಕಗಳು ಕೊಡುತ್ತವೆ. ಜೇನುಗೂಡಿನಲ್ಲಿ ಕೆಲಸಗಾರ ನೊಣಗಳೂ ಹೆಣ್ಣೇ, ರಾಣಿಯೂ ಹೆಣ್ಣೇ. ಜೀವಶಾಸ್ತ್ರ ಬಲ್ಲವರು ‘ಕ್ವೀನ್’ ಎಂದರೆ ತಪ್ಪೆನ್ನಲಾಗದು. ಆದರೆ ನಾಲ್ಕು ಆಯ್ಕೆಯಲ್ಲಿ ‘ಬೀ’ ಇದ್ದರೆ ಕೀಲಿ ಉತ್ತರ ಅದೇ ಆಗಿರುವ ಸಾಧ್ಯತೆ ಹೆಚ್ಚು. ರೂಪ ಸರಿಯಿದ್ದೂ ಅರ್ಥ ಜಾರಿದ ಪದಗಳೂ ಇವೆ. ಗವರ್ನರ್ ಹೆಂಗಸಾದರೆ ಅವರು ಗವರ್ನರ್ ಅವರೇ. ಗವರ್ನೆಸ್ ಎಂದರೆ ಮನೆಯಲ್ಲಿ ಮಕ್ಕಳಿಗೆ ಪಾಠ ಹೇಳುವವಳು. ಪಟ್ಟಿಯ ಪ್ರಶ್ನೆಯಲ್ಲಿ ಗವರ್ನೆಸ್ ಸರಿ, ವಾಕ್ಯ ತುಂಬುವ ಪ್ರಶ್ನೆಯಲ್ಲಿ ರಾಜ್ಯದ ಹೆಸರು ಇದ್ದರೆ ತಪ್ಪು.

ವಿಡೋಯರ್ ಮತ್ತು ಬ್ರೈಡ್‌ಗ್ರೂಮ್ ಉಲ್ಟಾ ಹೋಗುವ ಜೋಡಿಗಳು. ಇಲ್ಲಿ ಹೆಣ್ಣಿನ ಪದ ಚಿಕ್ಕದು, ಗಂಡಿನ ಪದ ಅದರಿಂದ ಬೆಳೆದದ್ದು. ‘ವಿಡೋಯರ್’ಗೆ ಪ್ರತ್ಯಯ ಹಚ್ಚಿದ ರೂಪ ಹುಡುಕುತ್ತ ಹೋದರೆ ‘ವಿಡೋಯ್ರೆಸ್’ ಎಂಬ ಇಲ್ಲದ ಪದಕ್ಕೆ ಬೀಳುತ್ತೀರಿ. ಅದಕ್ಕೆ ವಿಡೋ, ನಮ್ಮ ವಿಧುರ–ವಿಧವೆ ಹೇಗೋ ಹಾಗೆ.

ಸಮೂಹನಾಮಕ್ಕೆ ಬರೋಣ. ‘ಪ್ರೈಡ್ ಆಫ್ ಲಯನ್ಸ್’ ಯಾಕೆ ಪ್ರೈಡ್ ಎಂದು ತರ್ಕದಿಂದ ಹುಡುಕಿದರೆ ಸಿಗುವುದಿಲ್ಲ. 1486ರಲ್ಲಿ ಇಂಗ್ಲೆಂಡಿನ ಸೇಂಟ್ ಆಲ್ಬನ್ಸ್‌ನಲ್ಲಿ ಅಚ್ಚಾದ ಒಂದು ಬೇಟೆಯ ಪುಸ್ತಕದಲ್ಲಿ ಪ್ರಾಣಿ–ಪಕ್ಷಿಗಳ ಗುಂಪಿಗೆ ಹೇಳಬೇಕಾದ ಪದಗಳ ದೊಡ್ಡ ಪಟ್ಟಿ ಇದೆ. ಸಿಂಹಗಳ ಪ್ರೈಡ್, ಕಾಗೆಗಳ ಮರ್ಡರ್ ಆ ಪಟ್ಟಿಯಲ್ಲೇ ಸಿಗುತ್ತವೆ. ದೊಡ್ಡ ಮನೆತನದವರು ಬೇಟೆಯ ಮಾತನ್ನು ‘ಸರಿಯಾಗಿ’ ಆಡಬೇಕೆಂದು ಹೇಳಿಕೊಟ್ಟದ್ದು ಅದು. ಆದ್ದರಿಂದ ಇವು ಸ್ಥಿರ ಜೋಡಿಗಳು: ಸಿಂಹಕ್ಕೆ ಪ್ರೈಡ್, ಕಾಗೆಗೆ ಮರ್ಡರ್, ತೋಳಕ್ಕೆ ಪ್ಯಾಕ್, ಮಂಗಕ್ಕೆ ಟ್ರೂಪ್. ಇಲ್ಲಿ ಯೋಚಿಸುತ್ತ ಕೂರಬೇಡಿ. ಗೊತ್ತಿದ್ದರೆ ಗುರುತು, ಇಲ್ಲದಿದ್ದರೆ ಮುಂದಿನದು.

ಯೋಚಿಸಿದರೆ ಉತ್ತರ ಸಿಗುವ ಗುಂಪು ಬೇರೆಯೇ ಇದೆ. ಆ ಪದಗಳು ಪ್ರಾಣಿಯ ಹೆಸರಿಗೆ ಮಾತ್ರ ಅಂಟಿಕೊಂಡಿರುವುದಿಲ್ಲ, ಆ ಗುಂಪು ಹೇಗೆ ಆಯಿತು ಅಥವಾ ಏನು ಮಾಡುತ್ತಿದೆ ಎಂಬುದನ್ನು ಹೇಳುತ್ತವೆ. ಲಿಟರ್ ಎಂದರೆ ಒಂದೇ ಹೆರಿಗೆಯಲ್ಲಿ ಹುಟ್ಟಿದ ಮರಿಗಳು. ನಾಯಿಮರಿ, ಬೆಕ್ಕಿನ ಮರಿ, ಹಂದಿಮರಿಗಳಿಗೆ ಸಲ್ಲುತ್ತದೆ. ಬ್ರೂಡ್ ಎಂದರೆ ಒಟ್ಟಿಗೆ ಮೊಟ್ಟೆಯೊಡೆದ ಮರಿಗಳು; ಕೋಳಿಮರಿಗೆ ಸಲ್ಲುತ್ತದೆ, ನಾಯಿಮರಿಗೆ ಸಲ್ಲುವುದಿಲ್ಲ. ದನದ ಗುಂಪು ಹರ್ಡ್. ಅದನ್ನೇ ಹೊಡೆದುಕೊಂಡು ಹೋಗುತ್ತಿದ್ದರೆ ಡ್ರೋವ್. ಹೊಡೆದುಕೊಂಡು ಹೋಗುವುದಕ್ಕೆ ಇರುವ ‘ಡ್ರೈವ್’ ಎಂಬ ಕ್ರಿಯಾಪದದಿಂದಲೇ ಅದು ಬಂದದ್ದು. ಹೆಬ್ಬಾತುಗಳು ನೆಲದ ಮೇಲೆ ಕಲರವ ಮಾಡುತ್ತಿದ್ದರೆ ಗ್ಯಾಗಲ್, ಸಾಲುಗಟ್ಟಿ ಹಾರುತ್ತಿದ್ದರೆ ಸ್ಕೇನ್.

ಒಂದು ಪ್ರಶ್ನೆಯನ್ನು ಪೂರ್ತಿ ಬಿಡಿಸಿ ನೋಡೋಣ. ವಾಕ್ಯ ಹೀಗಿದೆ ಎಂದುಕೊಳ್ಳಿ: ಹೆಬ್ಬಾತುಗಳ ಒಂದು ಡ್ಯಾಶ್ ವಿ ಆಕಾರದಲ್ಲಿ ಕೆರೆಯ ಮೇಲಿಂದ ಹಾರಿಹೋಯಿತು. ಆಯ್ಕೆಗಳು ಗ್ಯಾಗಲ್, ಲಿಟರ್, ಸ್ಕೇನ್, ಬ್ರೂಡ್. ಮೊದಲು ಲಿಟರ್ ತೆಗೆಯಿರಿ, ಹಕ್ಕಿ ಮರಿ ಹೆರುವುದಿಲ್ಲ. ಆಮೇಲೆ ಬ್ರೂಡ್ ತೆಗೆಯಿರಿ, ಮೊಟ್ಟೆಯೊಡೆದ ಎಳೆಯ ಮರಿಗಳು ಹಾರುವುದಿಲ್ಲ. ಉಳಿದದ್ದು ಎರಡು. ಪಟ್ಟಿಯಲ್ಲಿ ‘ಗೀಸ್ – ಗ್ಯಾಗಲ್’ ಎಂದು ಓದಿದವರು ಇಲ್ಲಿ ನಿಲ್ಲುತ್ತಾರೆ. ವಾಕ್ಯದ ‘ವಿ ಆಕಾರದಲ್ಲಿ ಹಾರಿಹೋಯಿತು’ ಎಂಬ ಭಾಗ ಸುಮ್ಮನೆ ಅಲಂಕಾರಕ್ಕೆ ಬಂದದ್ದಲ್ಲ, ಅದು ಸ್ಕೇನ್ ಕಡೆಗೆ ಕೈ ತೋರುತ್ತಿದೆ. ಅದೇ ಪ್ರಶ್ನೆ ವಾಕ್ಯವಿಲ್ಲದೆ ಬರೀ ‘ಗೀಸ್’ ಎಂದು ಬಂದಿದ್ದರೆ ಗ್ಯಾಗಲ್ ಎನ್ನುವುದೇ ಸುರಕ್ಷಿತ.

ಹೀಗೆ ತೆಗೆದುಹಾಕುವುದರ ಲಾಭಕ್ಕೆ ಲೆಕ್ಕ ಉಂಟು. ಪಿಎಸ್‌ಸಿಯಲ್ಲಿ ಸರಿ ಉತ್ತರಕ್ಕೆ 1 ಅಂಕ, ತಪ್ಪಿಗೆ ಮೂರನೇ ಒಂದು ಅಂಕ ಕಳೆಯುತ್ತಾರೆ. ನಾಲ್ಕರಲ್ಲಿ ಕಣ್ಣುಮುಚ್ಚಿ ಒಂದು ಆರಿಸಿದರೆ ನಾಲ್ಕು ಪ್ರಶ್ನೆಗೆ ಸರಾಸರಿ ಒಂದು ಸರಿ, ಮೂರು ತಪ್ಪು. ಬಂದ 1 ಅಂಕ ಹೋದ 1 ಅಂಕಕ್ಕೆ ಸರಿಹೋಗಿ ಕೈಗೆ ಸೊನ್ನೆ. ಒಂದು ಆಯ್ಕೆಯನ್ನು ಖಚಿತವಾಗಿ ತೆಗೆದರೆ ಮೂರು ಪ್ರಶ್ನೆಗೆ ಒಂದು ಸರಿ, ಎರಡು ತಪ್ಪು. ಮೂರನೇ ಒಂದು ಅಂಕ ಉಳಿಯುತ್ತದೆ. ಎರಡು ತೆಗೆದರೆ ಎರಡು ಪ್ರಶ್ನೆಗೆ ಮೂರನೇ ಎರಡು ಅಂಕ ಉಳಿಯುತ್ತದೆ. ಅಂದರೆ ಪ್ರೈಡ್, ಮರ್ಡರ್ ತರಹದ ಸ್ಥಿರ ಜೋಡಿಯಲ್ಲಿ ಏನೂ ತೆಗೆಯಲಾಗದಿದ್ದರೆ ಬಿಡಿ. ಲಿಟರ್–ಬ್ರೂಡ್ ತರಹದಲ್ಲಿ ಒಂದಾದರೂ ಖಚಿತವಾಗಿ ತೆಗೆದಿದ್ದರೆ ಉತ್ತರಿಸಿ.

ಇಂಗ್ಲಿಷ್‌ನ ಈ ಸೂಕ್ಷ್ಮ ನಮಗೆ ಜಾರುವುದಕ್ಕೆ ಕನ್ನಡದ ‘ಹಿಂಡು’ ಕೂಡ ಕಾರಣ. ಆನೆ, ದನ, ಕುರಿ, ತೋಳ, ಸಿಂಹ ಎಲ್ಲಕ್ಕೂ ಹಿಂಡು ನಡೆಯುತ್ತದೆ. ಭಾಷಾಂತರದ ಪ್ರಶ್ನೆಯಲ್ಲಿ ‘ಪ್ರೈಡ್ ಆಫ್ ಲಯನ್ಸ್’ ಬಂದರೆ ಧೈರ್ಯವಾಗಿ ‘ಸಿಂಹಗಳ ಹಿಂಡು’. ‘ಸಿಂಹಗಳ ಹೆಮ್ಮೆ’ ಎಂಬ ಆಯ್ಕೆಯನ್ನು ಅಲ್ಲಿಟ್ಟಿರುವುದೇ ಪದಕ್ಕೆ ಪದ ಇಡುವವರಿಗಾಗಿ. ಗಿಡಮರಗಳ ವಿಷಯದಲ್ಲಿ ಮಾತ್ರ ಕನ್ನಡವೇ ಹೆಚ್ಚು ಬಿಗಿ. ಮಲಯಾಳದಲ್ಲಿ ಬಾಳೆಗೂ ದ್ರಾಕ್ಷಿಗೂ ‘ಕುಲ’ ನಡೆಯುತ್ತದೆ, ಇಂಗ್ಲಿಷಿನಲ್ಲಿ ಎರಡಕ್ಕೂ ಬಂಚ್. ಕನ್ನಡದಲ್ಲಿ ಬಾಳೆ, ಅಡಿಕೆ, ತೆಂಗಿಗೆ ಗೊನೆ, ದ್ರಾಕ್ಷಿಗೆ ಗೊಂಚಲು. ಬೀಗದ ಕೈಗೂ ಗೊಂಚಲು. ಬಿದಿರಿಗೆ ಮೆಳೆ, ಮಾವಿಗೆ ತೋಪು, ಸೌದೆಗೆ ಕಟ್ಟು. ‘ದ್ರಾಕ್ಷಿಯ ಗೊನೆ’ ಎಂಬ ಆಯ್ಕೆ ಮಲಯಾಳದಲ್ಲಿ ಯೋಚಿಸಿದವರಿಗೆ ಸರಿಯೆನಿಸಿಬಿಡುತ್ತದೆ.

ಸಮೂಹನಾಮದ ಜೊತೆ ಕ್ರಿಯಾಪದ ಕೇಳಿದರೆ ಗುಂಪಿನ ಪದವನ್ನು ನೋಡಿ, ಅದರ ನಂತರ ಬರುವ ಬಹುವಚನವನ್ನಲ್ಲ. ‘ಎ ಬಂಚ್ ಆಫ್ ಕೀಸ್’ ಮುಂದೆ ಈಸ್, ‘ಎ ಪ್ರೈಡ್ ಆಫ್ ಲಯನ್ಸ್’ ಮುಂದೆಯೂ ಈಸ್. ಕ್ರಿಯಾಪದದ ಪಕ್ಕದಲ್ಲಿ ಲಯನ್ಸ್ ನಿಂತಿದೆ ಎಂದು ಆರ್ ಹಾಕಬಾರದು. ಗುಂಪಿನ ಸದಸ್ಯರು ಬೇರೆ ಬೇರೆ ಅಭಿಪ್ರಾಯದಲ್ಲಿದ್ದಾರೆ ಎಂದು ವಾಕ್ಯವೇ ಹೇಳಿದರೆ, ಉದಾಹರಣೆಗೆ ಜ್ಯೂರಿಯಲ್ಲಿ ಒಡಕು ಬಂದಾಗ, ಬಹುವಚನ ಬರುತ್ತದೆ.

ನಿಮ್ಮ ಪಟ್ಟಿಯನ್ನು ಬಿಸಾಡಬೇಕಿಲ್ಲ. ಪ್ರತಿ ಜೋಡಿಯ ಮುಂದೆ ಇನ್ನೊಂದು ಅಂಕಣ ಎಳೆದು, ಆ ಜೋಡಿಗೆ ಹತ್ತಿರದ ತಪ್ಪು ಪದವನ್ನೂ ಅದು ಯಾಕೆ ತಪ್ಪು ಎಂಬ ಎರಡೇ ಪದವನ್ನೂ ಬರೆಯಿರಿ: ಕೋಲ್ಟ್–ಫಿಲ್ಲಿ, ಮುಂದೆ ‘ಮೇರ್, ಬೆಳೆದದ್ದು’, ಕವಿ–ಕವಯಿತ್ರಿ, ಮುಂದೆ ‘ಕವಿಯಿತ್ರಿ, ಮೂಲ ಕವಯಿತೃ’. ಅಭ್ಯಾಸ ಪತ್ರಿಕೆಯಲ್ಲಿ ತಪ್ಪಿದ ಪದಗಳಿಗೆ ಮಾತ್ರ ಈ ಅಂಕಣ ತುಂಬಿದರೂ ಸಾಕು.

ಕೊನೆಗೆ, ಡ್ರೋನ್, ಸ್ಟ್ಯಾಗ್ ತರಹ ಎರಡು ಉತ್ತರಕ್ಕೂ ಆಧಾರ ಇರುವ ಪ್ರಶ್ನೆ ನಿಜವಾದ ಪರೀಕ್ಷೆಯಲ್ಲೇ ಬಂದರೆ: ಪರೀಕ್ಷೆಯ ನಂತರ ಪಿಎಸ್‌ಸಿ ತಾತ್ಕಾಲಿಕ ಕೀಲಿ ಉತ್ತರ ಪ್ರಕಟಿಸುತ್ತದೆ, ನಿಮ್ಮ ಪ್ರೊಫೈಲ್ ಮೂಲಕ ಅದಕ್ಕೆ ಆಕ್ಷೇಪ ಸಲ್ಲಿಸಬಹುದು. ಅವಧಿ ಕೆಲವೇ ದಿನ, ತಡಮಾಡಬೇಡಿ. ಪ್ರಶ್ನೆಪತ್ರಿಕೆಯ ಕೋಡ್, ಪ್ರಶ್ನೆಯ ಸಂಖ್ಯೆ, ನಿಘಂಟಿನ ಹೆಸರು ಮತ್ತು ಪುಟ ಬರೆಯಿರಿ. ‘ನಮ್ಮ ಮಾರ್ಗದರ್ಶಿ ಪುಸ್ತಕದಲ್ಲಿ ಹೀಗಿದೆ’ ಎಂಬ ಆಕ್ಷೇಪಕ್ಕಿಂತ ನಿಘಂಟಿನ ಆಧಾರಕ್ಕೆ ತೂಕ ಹೆಚ್ಚು.